ಪೇಪರ್ ಟ್ರೇಡಿಂಗ್‌ನಲ್ಲಿ ಲಾಭ ಬಂದ ಮೇಲೆ ಮುಂದೇನು?

ಪ್ರಶ್ನೆ

ನಾಲ್ಕು ತಿಂಗಳಿಂದ ಪೇಪರ್ ಟ್ರೇಡಿಂಗ್, ಅಂದರೆ ನಿಜ ಹಣ ಹಾಕದೆ ಲೆಕ್ಕದಲ್ಲಷ್ಟೇ ಷೇರು ಕೊಂಡು ಮಾರುವ ಅಭ್ಯಾಸ, ಮಾಡುತ್ತಿದ್ದೇನೆ. ಒಂದೇ ಪದ್ಧತಿ, ಲೆಕ್ಕದಲ್ಲಿ ಚೆನ್ನಾಗಿಯೇ ಲಾಭವಿದೆ. ನಿಜವಾದ ಹಣ ಹಾಕಬಹುದೇ? ಈ ಹಂತ ದಾಟಿದವರಿಗೆ ಆಮೇಲೆ ಏನು ಬದಲಾಯಿತು ಎಂದು ತಿಳಿಯುವ ಆಸೆ.

ಎರಡು ವರ್ಷದಿಂದ ಟ್ರೇಡಿಂಗ್ ಮಾಡುತ್ತಿರುವವರು

ನಾಲ್ಕು ತಿಂಗಳೇ ಹೆಚ್ಚಾಯಿತು. ದಡದಲ್ಲಿ ನಿಂತು ಕೈಕಾಲು ಬಡಿದರೆ ಈಜು ಬರುವುದಿಲ್ಲ. ಮೊದಲ ದಿನದಿಂದಲೇ ಸಣ್ಣ ಮೊತ್ತ ಹಾಕಿ. ಕಳೆದುಕೊಂಡರೂ ನೋವಾಗದಷ್ಟು ಹಣ ಸಾಕು, ಉಳಿದದ್ದನ್ನು ಮಾರುಕಟ್ಟೆಯೇ ಕಲಿಸುತ್ತದೆ.

ಒಂಬತ್ತು ವರ್ಷದಿಂದ ಲೆಕ್ಕ ಬರೆದಿಡುತ್ತಿರುವವರು

ಮೇಲಿನವರ ಮಾತು ಅರ್ಧ ಸರಿ. ನೋವಾಗದಷ್ಟು ಹಣ ಹಾಕಿದರೆ, ನೋವಾದಾಗ ನೀವೇನು ಮಾಡುತ್ತೀರಿ ಎಂಬುದು ತಿಳಿಯದೆಯೇ ಉಳಿಯುತ್ತದೆ. ಪೇಪರ್ ಟ್ರೇಡಿಂಗ್‌ನ ಕೊರತೆಯೂ ಅದೇ. ಹಾಗೆಂದು ಅದು ವ್ಯರ್ಥವಲ್ಲ. ಮಾರುವ ಬದಲು ಕೊಳ್ಳುವುದನ್ನು ಒತ್ತುವುದು, ಬೆಲೆ ಗೊತ್ತುಮಾಡುವ ಲಿಮಿಟ್ ಬದಲು ಆಗ ಸಿಕ್ಕ ಬೆಲೆಗೆ ನಡೆಯುವ ಮಾರ್ಕೆಟ್ ಆರ್ಡರ್ ಹಾಕುವುದು, ಲಾಭದ ಟಾರ್ಗೆಟ್ ತಲುಪಿ ಹೊರಬಂದ ಮೇಲೂ, ನಷ್ಟ ಮಿತಿ ದಾಟದಿರಲೆಂದು ಹಾಕಿದ ಸ್ಟಾಪ್‌ಲಾಸ್ ಆರ್ಡರನ್ನು ರದ್ದು ಮಾಡದೆ ಬಿಡುವುದು, ಇವೆಲ್ಲವನ್ನೂ ನಾನು ಪೇಪರ್‌ನಲ್ಲೇ ಮಾಡಿ ಮುಗಿಸಿದೆ. ನಿಜ ಹಣದಲ್ಲಿ ಆಗಿದ್ದರೆ ಒಂದೊಂದಕ್ಕೂ ದಂಡ ತೆರಬೇಕಿತ್ತು.

ಈಗ ನನ್ನ ಲೆಕ್ಕ. ಒಂದು ಟ್ರೇಡ್‌ನಲ್ಲಿ ಕಳೆದುಕೊಳ್ಳಲು ಒಪ್ಪಿದ ಮೊತ್ತವನ್ನು 'ಒಂದು ಪಾಲು' ಎನ್ನೋಣ. ಸ್ಟಾಪ್‌ಲಾಸ್ ಒಂದು ಪಾಲು, ಟಾರ್ಗೆಟ್ ಎರಡು ಪಾಲು. ಪೇಪರ್‌ನಲ್ಲಿ 50 ಟ್ರೇಡ್ ಮಾಡಿದೆ: 20 ಗೆದ್ದೆ, 30 ಸೋತೆ. ಬಂದದ್ದು 40 ಪಾಲು, ಹೋದದ್ದು 30, ಉಳಿದದ್ದು 10. ಅದೇ ನಿಯಮ ಹಿಡಿದು ನಿಜ ಹಣದಲ್ಲಿ ಮತ್ತೆ 50 ಮಾಡಿದೆ. ಈ ಬಾರಿ 26 ಗೆದ್ದೆ, ಆದರೂ 4 ಪಾಲು ಕೈಬಿಟ್ಟಿತು.

ಗೆಲುವು ಹೆಚ್ಚಿದರೂ ಹಣ ಕರಗಿದ್ದು ಹೇಗೆಂದು ತಿಳಿಯಲು ಒಂದೇ ಟ್ರೇಡ್ ಸಾಕು. 200ಕ್ಕೆ ಕೊಂಡ ಷೇರು. ಸ್ಟಾಪ್‌ಲಾಸ್ 195, ಟಾರ್ಗೆಟ್ 210. ಬೆಲೆ 206ಕ್ಕೆ ಏರಿ 205ಕ್ಕೆ ಇಳಿಯಿತು. ಪೇಪರ್‌ನಲ್ಲಿ ಇಂಥ ಹೊತ್ತಿನಲ್ಲಿ ನಾನು ಪರದೆಯನ್ನೇ ನೋಡುತ್ತಿರಲಿಲ್ಲ. ಆ ದಿನ ಹೆಬ್ಬೆರಳು ಮಾರುವ ಗುಂಡಿಯ ಮೇಲೆಯೇ ಇತ್ತು. ಬಂದ ಲಾಭ ಹೋಗಿಬಿಡುತ್ತದೆ ಎನ್ನಿಸಿ 205ಕ್ಕೆ ಮಾರಿದೆ. ಮಧ್ಯಾಹ್ನದ ಹೊತ್ತಿಗೆ ಅದು 210 ದಾಟಿತ್ತು. ಇನ್ನೊಂದು ದಿನ ಇದೇ ಬಗೆಯ ಟ್ರೇಡ್ 195.40ಕ್ಕೆ ಇಳಿದಾಗ ಸ್ಟಾಪ್‌ಲಾಸನ್ನು 193ಕ್ಕೆ ಸರಿಸಿದೆ, ಅಲ್ಲಿಯೂ ಅದು ನಿಲ್ಲಲಿಲ್ಲ. ಹೀಗೆ ಗೆದ್ದ ಟ್ರೇಡ್‌ಗಳ ಸರಾಸರಿ ಎರಡು ಪಾಲಿನಿಂದ ಒಂದಕ್ಕೆ ಇಳಿಯಿತು, ಸೋತವುಗಳದ್ದು ಒಂದೂಕಾಲಕ್ಕೆ ಏರಿತು. ಬಂದದ್ದು 26, ಹೋದದ್ದು 30.

ಲಾಭವನ್ನು ಬೇಗ ಕೊಯ್ದು ನಷ್ಟವನ್ನು ಹಿಡಿದು ಕೂರುವ ಈ ಪ್ರವೃತ್ತಿಯನ್ನು 1985ರಲ್ಲೇ ಷೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಸಂಶೋಧಕರು ಗುರುತಿಸಿ ಬರೆದಿದ್ದಾರೆ. ನನ್ನಲ್ಲಿ ಅದು ಇಷ್ಟರ ಮಟ್ಟಿಗೆ ಇದೆ ಎಂಬ ಸುಳಿವನ್ನು ಪೇಪರ್‌ನ 50 ಟ್ರೇಡ್‌ಗಳಲ್ಲಿ ಒಂದೂ ಕೊಟ್ಟಿರಲಿಲ್ಲ.

ಮನೆಯಲ್ಲೇ ಕಲಿಯುತ್ತಿರುವ ಗೃಹಿಣಿ

ನಾನು ಆ್ಯಪ್ ಬಳಸುವುದಿಲ್ಲ, ನಿಜವಾಗಿಯೂ ಕಾಗದದ ಮೇಲೆಯೇ ಬರೆಯುತ್ತೇನೆ. ಪೇಪರ್ ಟ್ರೇಡಿಂಗ್ ಎಂದರೆ ಅದೇ ಎಂದುಕೊಂಡಿದ್ದೆ. ಇದರಲ್ಲೊಂದು ಮೋಸ ನನಗೇ ಗೊತ್ತಾಯಿತು. ಸಂಜೆ ಚಾರ್ಟ್ ನೋಡಿಕೊಂಡು 'ಇಲ್ಲಿ ಕೊಳ್ಳುತ್ತಿದ್ದೆ' ಎಂದು ಬರೆದವೆಲ್ಲ ಗೆಲ್ಲುತ್ತಿದ್ದವು. ಕೊಳ್ಳುವ ಮೊದಲೇ ಗಂಟೆ, ನಿಮಿಷ ಹಾಕಿ ಬರೆಯತೊಡಗಿದ ಮೇಲೆ ಗೆಲುವು ಅರ್ಧಕ್ಕೂ ಕೆಳಗೆ ಬಂತು.

ದೀರ್ಘಾವಧಿ ಹೂಡಿಕೆದಾರರು

ನಾನು ಹತ್ತು ವರ್ಷದಿಂದ ಪ್ರತಿ ತಿಂಗಳು ಫಂಡ್‌ಗೆ ಹಣ ಹಾಕುತ್ತಿದ್ದೇನೆ. ಪೇಪರ್ ಟ್ರೇಡಿಂಗ್ ಅಗತ್ಯವೇ ಬೀಳಲಿಲ್ಲ. ನೀವೂ ಹಾಗೆಯೇ ಮಾಡಬಾರದೇ?

ಪ್ರಶ್ನೆ ಕೇಳಿದವರು

ಹೂಡಿಕೆ ಬೇರೆಯಾಗಿ ನಡೆಯುತ್ತಿದೆ ಸರ್, ಇದು ಟ್ರೇಡಿಂಗ್ ಕಲಿಯಲು ಮಾತ್ರ. ಒಂಬತ್ತು ವರ್ಷದ ಲೆಕ್ಕ ಕೊಟ್ಟವರಿಗೆ ಒಂದು ಪ್ರಶ್ನೆ. ವ್ಯತ್ಯಾಸವೆಲ್ಲ ಮನಸ್ಸಿನದ್ದೇ ಎಂದು ಹೇಗೆ ಹೇಳುತ್ತೀರಿ? ಮಾರುಕಟ್ಟೆಯೇ ಬದಲಾಗಿರಬಹುದಲ್ಲ?

ಒಂಬತ್ತು ವರ್ಷದಿಂದ ಲೆಕ್ಕ ಬರೆದಿಡುತ್ತಿರುವವರು

ನಿಮ್ಮ ಸಂಶಯ ಸರಿಯಾದದ್ದು. ಅದಕ್ಕಾಗಿಯೇ ನಿಜ ಹಣದ ಆ 50 ಟ್ರೇಡ್‌ಗಳನ್ನು ಪೇಪರ್ ಖಾತೆಯಲ್ಲೂ ಅದೇ ಗಳಿಗೆಯಲ್ಲಿ ಹಾಕುತ್ತಿದ್ದೆ, ಅಲ್ಲಿ ಕೈಯಾಡಿಸದೆ ಬಿಡುತ್ತಿದ್ದೆ. ಆ ಖಾತೆ 9 ಪಾಲು ಗಳಿಸಿತು. ಅಂದರೆ ಮಾರುಕಟ್ಟೆ ಹೆಚ್ಚೇನೂ ಬದಲಾಗಿರಲಿಲ್ಲ. ಆಮೇಲೆ, ನನಗೆ ನಿಜವಾಗಿ ಸಿಕ್ಕ ಬೆಲೆ ಮತ್ತು ಬ್ರೋಕರೇಜ್ ಹಿಡಿದು, ನಿಯಮ ಮುರಿಯದಿದ್ದರೆ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕಿದೆ. ಅದು 6 ಪಾಲು. ಕೈಗೆ ಬಂದದ್ದು ಮಾತ್ರ ಮೈನಸ್ 4. ಮೊದಲ 3 ಪಾಲು ಬೆಲೆ ಮತ್ತು ಖರ್ಚಿನ ಬಾಬ್ತು, ಉಳಿದ 10 ಪಾಲು ನನ್ನ ಕೈಯ ಕೆಲಸ.

ಆ ಮೂರು ಪಾಲನ್ನೂ ಹಗುರವಾಗಿ ಕಾಣಬೇಡಿ. ಬೆಲೆ ನಿಮ್ಮ ಲಿಮಿಟ್ ಅನ್ನು ಮುಟ್ಟಿದ ತಕ್ಷಣ ಷೇರು ಸಿಕ್ಕಿತೆಂದೇ ಹಲವು ಸಿಮ್ಯುಲೇಟರ್‌ಗಳು ಎಣಿಸುತ್ತವೆ. ನಿಜದಲ್ಲಿ ಅದೇ ಬೆಲೆಗೆ ನಿಮಗಿಂತ ಮೊದಲು ಆರ್ಡರ್ ಹಾಕಿದವರು ಸಾಲಿನಲ್ಲಿರುತ್ತಾರೆ. ಬೆಲೆ ಮುಟ್ಟಿ ಮೇಲಕ್ಕೆ ಹೋದರೆ ನಿಮಗೆ ಸಿಗದೆಯೇ ಹೋಗಬಹುದು. ಮುಟ್ಟಿ ಕೆಳಗೆ ಕುಸಿದರೆ ಖಂಡಿತ ಸಿಗುತ್ತದೆ! ಒಳ್ಳೆಯ ಟ್ರೇಡ್ ತಪ್ಪಿ, ಕೆಟ್ಟದ್ದು ಪೂರ್ತಿಯಾಗಿ ಮೈಮೇಲೆ ಬರುವುದು ಹೀಗೆ.

ಎರಡು ವರ್ಷದಿಂದ ಟ್ರೇಡಿಂಗ್ ಮಾಡುತ್ತಿರುವವರು

ಹಾಗಾದರೆ ಎಷ್ಟು ಹಣದಿಂದ ಆರಂಭಿಸಬೇಕು ಎನ್ನುತ್ತೀರಿ? ನಾನು ಸಣ್ಣ ಮೊತ್ತದಲ್ಲಿ ಚೆನ್ನಾಗಿಯೇ ಆಡಿದೆ. ಐದು ಪಟ್ಟು ಮಾಡಿದ ತಿಂಗಳೇ ನಿಯಮಗಳೆಲ್ಲ ಗಾಳಿಗೆ ಹೋದವು. ಇದನ್ನು ಮೊದಲೇ ಬರೆಯಬೇಕಿತ್ತು.

ಒಂಬತ್ತು ವರ್ಷದಿಂದ ಲೆಕ್ಕ ಬರೆದಿಡುತ್ತಿರುವವರು

ನೀವು ಬರೆದದ್ದು ಪ್ರಯೋಗದಲ್ಲೂ ಕಂಡಿದೆ. ಹೋಲ್ಟ್ ಮತ್ತು ಲಾರಿ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಊಹೆಯ ಹಣವನ್ನು 20, 50, 90 ಪಟ್ಟು ಹೆಚ್ಚಿಸಿದರೂ ಜನರ ಆಯ್ಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ನಿಜವಾಗಿ ಕೊಡುವ ಹಣವನ್ನು ಹೆಚ್ಚಿಸಿದಾಗ ಅವರು ಅಪಾಯದಿಂದ ಗಣನೀಯವಾಗಿ ಹಿಂದೆ ಸರಿದರು. ಆದ್ದರಿಂದ ಒಂದೇ ಸಲಕ್ಕೆ ಐದು ಪಟ್ಟು ಬೇಡ. ನಾನು ಎರಡು ಪಟ್ಟಿಗಿಂತ ಹೆಚ್ಚು ಏರಿಸುವುದಿಲ್ಲ. ಪ್ರತಿ ಸಲ ಏರಿಸಿದಾಗಲೂ 30 ಟ್ರೇಡ್‌ಗಳ ತನಕ ನಿಯಮದ ಫಲ ಮತ್ತು ಕೈಯ ಫಲ ಎರಡನ್ನೂ ಬರೆಯುತ್ತೇನೆ. ಅಂತರ ಹಿಗ್ಗಿದರೆ ಹಳೆಯ ಮೊತ್ತಕ್ಕೆ ಹಿಂದಿರುಗುತ್ತೇನೆ. 30 ಸಾಕೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಸ್ನೇಹಿತರೊಬ್ಬರು 100ಕ್ಕೆ ಕಡಿಮೆ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು ಒಂದು ವಿಷಯ ತಿಳಿಸಿದರೆ ಒಳ್ಳೆಯದು. ಈ ನಾಲ್ಕು ತಿಂಗಳಲ್ಲಿ ಪೇಪರ್ ಖಾತೆಯನ್ನು ಎಷ್ಟು ಸಲ ರೀಸೆಟ್ ಮಾಡಿದ್ದೀರಿ?

ಪ್ರಶ್ನೆ ಕೇಳಿದವರು

ಎರಡು ಸಲ. ಮೊದಲನೆಯದು ಮೂರನೇ ವಾರದಲ್ಲಿ, ಖಾತೆ ಶೇ. 30 ಇಳಿದಾಗ. ಆ ಟ್ರೇಡ್‌ಗಳನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ, ಕಲಿಯುವಾಗಿನ ತಪ್ಪುಗಳು ಎಂದುಕೊಂಡಿದ್ದೆ. ನಿಜ ಖಾತೆಯಲ್ಲಿ ಆ ಗುಂಡಿ ಇರುವುದಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಹಳೆಯ ಸ್ಕ್ರೀನ್‌ಶಾಟ್‌ಗಳು ಉಳಿದಿವೆ. ಅವುಗಳನ್ನು ಸೇರಿಸಿ ಲೆಕ್ಕ ಹಾಕಿ, ನಾಲ್ಕು ತಿಂಗಳ ಪೂರ್ತಿ ಅಂಕಿಗಳನ್ನು ಭಾನುವಾರ ಇಲ್ಲಿಯೇ ಬರೆಯುತ್ತೇನೆ.