(1, 1)ರಿಂದ ಶುರು ಮಾಡಿದರೆ ನ್ಯೂಟನ್ ವಿಧಾನ ನಿಂತೇ ಹೋಗುತ್ತದೆ, ಯಾಕೆ?

ಮೇಘನಾ
x² + y² = 4 ಮತ್ತು xy = 1, ಇವೆರಡನ್ನೂ ನ್ಯೂಟನ್ ವಿಧಾನದಲ್ಲಿ ಬಿಡಿಸುತ್ತಿದ್ದೇನೆ. (1, 1) ಕೊಟ್ಟರೆ `Singular matrix` ಅಂತ ಎರರ್ ಬರುತ್ತೆ. (1.01, 1) ಕೊಟ್ಟರೆ ಎರರ್ ಇಲ್ಲ, ಆದರೆ ಮೊದಲನೇ ಸುತ್ತಿಗೇ (51.25, −48.75)ಕ್ಕೆ ಹಾರಿಬಿಡುತ್ತೆ. ಜಾಕೋಬಿಯನ್ ತಪ್ಪು ಬರೆದಿದ್ದೀನಾ?

```
F = np.array([x*x + y*y - 4, x*y - 1])
J = np.array([[2*x, 2*y], [y, x]])
d = np.linalg.solve(J, -F)
x, y = x + d[0], y + d[1]
```

ನಾಗರಾಜ
ಪ್ರತಿ ಸಾಲಿನಲ್ಲೂ ಕರ್ಣದ ಮೇಲಿರುವ ಸಂಖ್ಯೆ ಉಳಿದವುಗಳಿಗಿಂತ ದೊಡ್ಡದಾಗಿರಬೇಕು. ನಿಮ್ಮ ಮ್ಯಾಟ್ರಿಕ್ಸ್‌ನಲ್ಲಿ ಹಾಗಿಲ್ಲ, ಅದಕ್ಕೇ ಸುತ್ತುಗಳು ಒಂದು ಕಡೆ ಸೇರುತ್ತಿಲ್ಲ. ಸಮೀಕರಣಗಳ ಕ್ರಮ ಅದಲು ಬದಲು ಮಾಡಿ ನೋಡಿ.

ಶ್ರೀಧರ
ನಾಗರಾಜ್ ಅವರೇ, ನೀವು ಹೇಳಿದ ಷರತ್ತು ಯಾಕೋಬಿ ಪುನರಾವರ್ತನೆಯದು. ಅದು ರೇಖೀಯ ಸಮೀಕರಣಗಳನ್ನು ಬಿಡಿಸುವ ಬೇರೆಯೇ ವಿಧಾನ. ಅದಕ್ಕೂ ಜಾಕೋಬಿಯನ್‌ಗೂ ಒಬ್ಬನೇ ಗಣಿತಜ್ಞನ ಹೆಸರು ಅಂಟಿಕೊಂಡಿರುವುದರಿಂದ ಈ ಗೊಂದಲ ಆಗಾಗ ಆಗುತ್ತದೆ. ಇಲ್ಲಿ ಕ್ರಮ ಬದಲಿಸಿದರೆ ಏನೂ ಬದಲಾಗದು, `d` ಅದೇ ಬರುತ್ತದೆ.

ಮೇಘನಾ, ನಿಮ್ಮ ಜಾಕೋಬಿಯನ್ ಸರಿಯಾಗಿಯೇ ಇದೆ. ಡಿಟರ್ಮಿನೆಂಟ್ 2x² − 2y². x = y ಆದ ಕಡೆಯೆಲ್ಲ ಅದು ಸೊನ್ನೆ. ಅಂದರೆ (1, 1) ಒಂದೇ ಅಲ್ಲ, ಆ ಇಡೀ ಗೆರೆಯೇ ನಿಷಿದ್ಧ.

ಯಾಕೆ ಹಾಗೆ ಅನ್ನುವುದನ್ನು ಕೈಯಲ್ಲೇ ನೋಡಬಹುದು. ನ್ಯೂಟನ್ ವಿಧಾನ ಪ್ರತಿ ಸುತ್ತಿನಲ್ಲೂ ಎರಡು ವಕ್ರಸಮೀಕರಣಗಳ ಬದಲು ಎರಡು ನೇರ ಗೆರೆಗಳನ್ನಿಟ್ಟು, ಅವು ಎಲ್ಲಿ ಕೂಡುತ್ತವೆ ಎಂದು ಹುಡುಕುತ್ತದೆ. (1, 1)ರಲ್ಲಿ ಮೊದಲನೆಯದು dx + dy = 1 ಆಗುತ್ತದೆ, ಎರಡನೆಯದು dx + dy = 0. ಸಮಾನಾಂತರ ಗೆರೆಗಳು, ಎಲ್ಲೂ ಕೂಡುವುದಿಲ್ಲ. (1.01, 1)ರಲ್ಲಿ ಅವು ಒಂದಿಷ್ಟೇ ಓರೆಯಾಗುತ್ತವೆ, ಹಾಗಾಗಿ ಬಹಳ ದೂರ ಹೋಗಿ ಕೂಡುತ್ತವೆ. ನೀವು ಕಂಡ 51.25 ಆ ದೂರದ ಬಿಂದು.

ಕಿರಣ್
ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರರ್ ಬಂದರೆ ಬಿಂದುವನ್ನು ಚೂರು ಅಲ್ಲಾಡಿಸಿ, ಹಾರಿದರೂ ಬಿಡಿ, ಸುತ್ತು ನಿಲ್ಲಿಸಬೇಡಿ. ನಾನೀಗಷ್ಟೇ ಓಡಿಸಿದೆ: (1.01, 1)ರಿಂದ ಹೊರಟು ಹನ್ನೊಂದು ಸುತ್ತಿನಲ್ಲಿ (1.93185, 0.51764)ಕ್ಕೆ ಬಂತು. ಅದು ಸರಿಯಾದ ಉತ್ತರವೇ.

ಮೇಘನಾ
ಹೌದು, ನನಗೂ ಬಂತು! ನಾನು ಮೂರನೇ ಸುತ್ತಿಗೇ ನಿಲ್ಲಿಸಿಬಿಟ್ಟಿದ್ದೆ. ಆದರೆ (1, 1.01) ಕೊಟ್ಟರೆ x, y ಅದಲು ಬದಲಾಗಿ (0.51764, 1.93185) ಬರುತ್ತೆ. ಅಷ್ಟು ದೂರ ಹೋದದ್ದು ಸರಿಯಾಗಿ ವಾಪಸ್ ಬರೋದು ಹೇಗೆ?

ಶ್ರೀಧರ
ಈ ಲೆಕ್ಕದಲ್ಲಿ ಇದನ್ನು ಪೂರ್ತಿ ಬಿಚ್ಚಿ ನೋಡಲು ಆಗುತ್ತದೆ, ಅಂಥ ಅವಕಾಶ ಅಪರೂಪ. ಮೊದಲನೇ ಸಮೀಕರಣಕ್ಕೆ ಎರಡನೆಯದರ ಎರಡರಷ್ಟನ್ನು ಕೂಡಿ, ಆಮೇಲೆ ಕಳೆಯಿರಿ. u = x + y, v = x − y ಎಂದಿಟ್ಟುಕೊಂಡರೆ u² = 6, v² = 2 ಉಳಿಯುತ್ತದೆ.

ಸಮೀಕರಣಗಳನ್ನು ಹೀಗೆ ಬೆರೆಸಿದರೂ ಚರಗಳನ್ನು ಹೀಗೆ ಬದಲಿಸಿದರೂ ನ್ಯೂಟನ್ ಇಡುವ ಹೆಜ್ಜೆ ಬದಲಾಗುವುದಿಲ್ಲ. ಹಾಗಾಗಿ ನಿಮ್ಮ ಪ್ರೋಗ್ರಾಂ ಗೊತ್ತಿಲ್ಲದೆಯೇ ಎರಡು ವರ್ಗಮೂಲಗಳನ್ನು ಬೇರೆಬೇರೆಯಾಗಿ ತೆಗೆಯುತ್ತಿದೆ:

```
u = (u + 6/u) / 2
v = (v + 2/v) / 2
```

ನಿಮ್ಮ ಆರಂಭದಲ್ಲಿ v = 0.01. 2/v ಎಂದರೆ 200, ಅದಕ್ಕೆ v ಕೂಡಿಸಿ ಅರ್ಧ ಮಾಡಿದರೆ 100.005. ಹಾರಿದ್ದೆಲ್ಲ v ದಿಕ್ಕಿನಲ್ಲೇ. u ಪಾಡಿಗೆ u 2.01ರಿಂದ 2.4975ಕ್ಕೆ ನೆಟ್ಟಗೆ ನಡೆದಿದೆ. ಅಲ್ಲಿಂದ v ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಅರ್ಧವಾಗುತ್ತದೆ: 50, 25, 12.6, 6.4, 3.3, 1.97, 1.49, 1.416. ದೂರ ಹೋದದ್ದನ್ನು ಅರ್ಧರ್ಧ ಮಾಡಿಕೊಂಡು ವಾಪಸ್ ಬರುವುದಕ್ಕೇ ಅಷ್ಟು ಸುತ್ತು ಬೇಕಾಯಿತು.

u, v ಇವುಗಳ ಚಿಹ್ನೆ ಎಂದೂ ಬದಲಾಗುವುದಿಲ್ಲ. x, y ಅದಲು ಬದಲಾದದ್ದಕ್ಕೆ ಇದೇ ಕಾರಣ. v ಧನವಾಗಿ ಶುರುವಾದರೆ x ದೊಡ್ಡದಿರುವ ಉತ್ತರ, ಋಣವಾದರೆ y ದೊಡ್ಡದಿರುವುದು. ಕಿರಣ್, ಅಲ್ಲಾಡಿಸಿದರೆ ಸಾಕು ಅನ್ನುವುದು ಇಲ್ಲಿ ನಡೆದದ್ದು ಈ ಬೇಲಿ ಇದ್ದದ್ದರಿಂದ. ಯಾವ ಕಡೆಗೆ ಅಲ್ಲಾಡಿಸುತ್ತೀರೋ ಅದೇ ಉತ್ತರವನ್ನೂ ಆರಿಸಿಬಿಡುತ್ತದೆ. sin, exp ಇರುವ ಸಮೀಕರಣಗಳಲ್ಲಿ ಅಷ್ಟು ದೂರ ಹಾರಿದರೆ exp ಮಿತಿ ಮೀರಿ `inf` ಬರಬಹುದು, ಇಲ್ಲವೇ ಯಾವುದೋ ಬೇರೆ ಮೂಲಕ್ಕೆ ಹೋಗಿ ಕೂರಬಹುದು.

ಕಿರಣ್
ಒಪ್ಪಿದೆ. ಹಾಗಾದರೆ ಡಿಟರ್ಮಿನೆಂಟ್ ಒಂದು ಮಿತಿಗಿಂತ ಚಿಕ್ಕದಾದರೆ ಹೆಜ್ಜೆ ಇಡಬಾರದು ಅಂತ ಒಂದು `if` ಹಾಕಿದರೆ ಆಯಿತಲ್ಲ?

ಶ್ರೀಧರ
ಅದು ಮೋಸ ಹೋಗುವ ಪರೀಕ್ಷೆ. (1.01, 1)ರಲ್ಲಿ ಡಿಟರ್ಮಿನೆಂಟ್ 0.0402. ಮೊದಲ ಸಮೀಕರಣವನ್ನು 1000ದಿಂದ ಗುಣಿಸಿಬಿಡಿ, 40.2 ಆಗುತ್ತದೆ. ಹೆಜ್ಜೆ ಮಾತ್ರ ಅದೇ, ಬಿಂದು 51.25ಕ್ಕೇ ಹಾರುತ್ತದೆ. ಡಿಟರ್ಮಿನೆಂಟ್ ಬಿಟ್ಟು ಹೆಜ್ಜೆಯನ್ನೇ ಪರೀಕ್ಷಿಸಿ. ಹೆಜ್ಜೆ ಇಟ್ಟ ಮೇಲೆ F ಇಳಿಯಿತೇ? ಇಳಿಯದಿದ್ದರೆ ಅದೇ ದಿಕ್ಕಿನಲ್ಲಿ ಅರ್ಧ ಹೆಜ್ಜೆ, ಆಗಲೂ ಇಳಿಯದಿದ್ದರೆ ಕಾಲು, ಹೀಗೆ.

```
t = 1.0
while norm(F(p + t*d)) >= norm(F(p)):
    t = t / 2
p = p + t*d
```

(1.01, 1)ರಲ್ಲಿ F ಅಳತೆ 1.98. ಪೂರ್ತಿ ಹೆಜ್ಜೆಯಿಂದ ಹಿಡಿದು 1/32ರವರೆಗೆ ಎಲ್ಲವೂ ಅದನ್ನು ಹೆಚ್ಚಿಸುತ್ತವೆ. 1/64ಕ್ಕೆ ಬಂದಾಗ 0.94ಕ್ಕೆ ಇಳಿಯುತ್ತದೆ, ಬಿಂದು (1.795, 0.223). ಅಲ್ಲಿಂದ ಮುಂದೆ ಪೂರ್ತಿ ಹೆಜ್ಜೆಗಳೇ ಸಾಕು: F 0.136, ಆಮೇಲೆ 0.0012, ಆಮೇಲೆ ಸುಮಾರು 10⁻⁷. ಹನ್ನೊಂದರ ಬದಲು ನಾಲ್ಕೇ ಸುತ್ತಿಗೆ ಉತ್ತರ ಏಳೆಂಟು ಅಂಕೆಯವರೆಗೆ ಸರಿಯಾಯಿತು. ಸೊನ್ನೆಗಳು ಹೀಗೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತಾ ಹೋದರೆ ಜಾಕೋಬಿಯನ್ ಸರಿ ಬರೆದಿದ್ದೀರಿ ಎನ್ನುವುದಕ್ಕೂ ಅದೇ ಒಳ್ಳೆಯ ಗುರುತು. ಒಂದು ಆಂಶಿಕ ಅವಕಲನ ತಪ್ಪಾಗಿದ್ದರೂ ಉತ್ತರ ಬರುವುದುಂಟು, ಆದರೆ ತೆವಳಿಕೊಂಡು ಬರುತ್ತದೆ.

ವಿನಯ್
ಇನ್ನೂ ಸುಲಭದ ದಾರಿ ಇದೆ. `solve(J, -F)` ತೆಗೆದು `lstsq(J, -F)[0]` ಹಾಕಿ. ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆದರೂ ಅದು ಒಂದು ಉತ್ತರ ಕೊಡುತ್ತೆ, ಆರಂಭ (1, 1) ಆದರೂ ಪರವಾಗಿಲ್ಲ.

ಮೇಘನಾ
ಹಾಕಿ ನೋಡಿದೆ. ಎರರ್ ಬರಲಿಲ್ಲ. (1.4, 1.4), (1.342857, 1.342857), ಆಮೇಲೆ (1.341641, 1.341641) ಅಂತ ಚೆನ್ನಾಗಿ ಒಂದು ಕಡೆ ನಿಂತಿತು. ಆದರೆ xy 1.8 ಬರುತ್ತೆ, 1 ಅಲ್ಲ!

ಶ್ರೀಧರ
ಅದು ಮೂಲವಲ್ಲ. x = y ಆಗಿದ್ದಾಗ `lstsq` ಕೊಡುವ ಅತಿ ಚಿಕ್ಕ ಹೆಜ್ಜೆಯಲ್ಲಿ dx = dy. ಹಾಗಾಗಿ ಬಿಂದು ಆ ಗೆರೆ ಬಿಟ್ಟು ಆಚೆ ಬರುವುದೇ ಇಲ್ಲ. ಗೆರೆಯ ಮೇಲೆಯೇ F ಅತಿ ಕಡಿಮೆ ಇರುವ ಜಾಗಕ್ಕೆ, ಅಂದರೆ x² = 1.8ಕ್ಕೆ, ಹೋಗಿ ನಿಂತಿದೆ. ಅಲ್ಲಿ F ಎಂದರೆ (−0.4, 0.8). ಹೆಜ್ಜೆ ಸೊನ್ನೆಯಾಯಿತು ಎಂದ ಮಾತ್ರಕ್ಕೆ ಉತ್ತರ ಸಿಕ್ಕಿತು ಎಂದುಕೊಳ್ಳಬಾರದು. ಸುತ್ತು ನಿಲ್ಲಿಸುವ ಷರತ್ತಿನಲ್ಲಿ F ಕೂಡ ಇರಲೇಬೇಕು. ಸಿಂಗ್ಯುಲರ್ ಎನ್ನುವ ಎರರ್ ನಿಮಗೆ ಒಂದು ಸತ್ಯ ಹೇಳುತ್ತಿತ್ತು, `lstsq` ಅದರ ಬಾಯಿ ಮುಚ್ಚಿಸಿತು, ಅಷ್ಟೆ.

ವಿನಯ್
ಇದು ನನಗೆ ಗೊತ್ತಿರಲಿಲ್ಲ. ಎರಡು ಕಡೆ ಹೀಗೇ ಬರೆದಿದ್ದೇನೆ, ಇವತ್ತೇ F ಪರೀಕ್ಷೆ ಸೇರಿಸುತ್ತೇನೆ.

ಅನಿತಾ
ನಡುವೆ ನನ್ನದೊಂದು ಪ್ರಶ್ನೆ. ನನ್ನ ಎರಡು ವಕ್ರರೇಖೆಗಳು ಒಂದನ್ನೊಂದು ಮುಟ್ಟುತ್ತವೆ ಅಷ್ಟೇ, ದಾಟುವುದಿಲ್ಲ. ಆರಂಭ ಚೆನ್ನಾಗಿಯೇ ಇದೆ, ಎಲ್ಲೂ ಹಾರುವುದಿಲ್ಲ, ಆದರೆ ಇಪ್ಪತ್ತು ಸುತ್ತಾದರೂ ಮುಗಿಯುವುದಿಲ್ಲ. F ಪ್ರತಿ ಸಲ ಸರಿಯಾಗಿ ಕಾಲು ಭಾಗಕ್ಕೆ ಇಳಿಯುತ್ತದೆ, ಒಂದು ಚೂರೂ ಜಾಸ್ತಿ ಇಲ್ಲ.

ಶ್ರೀಧರ
ಕಾಲು ಭಾಗ ಎಂದಿರಲ್ಲ, ರೋಗದ ಹೆಸರು ಅದರಲ್ಲೇ ಇದೆ. ಮೇಲಿನ ಲೆಕ್ಕದಲ್ಲೇ 4ರ ಜಾಗಕ್ಕೆ 2 ಹಾಕಿ ನೋಡಿ. ವೃತ್ತವೂ ಅತಿಪರವಲಯವೂ (1, 1)ರಲ್ಲಿ ಬರೀ ಸ್ಪರ್ಶಿಸುತ್ತವೆ. u² = 4, v² = 0 ಆಗುತ್ತದೆ. v ಸುತ್ತು ಈಗ v/2 ಅಷ್ಟೆ. ತಪ್ಪು ಪ್ರತಿ ಸಲ ಅರ್ಧವಾಗುತ್ತದೆ, F ಅದರ ವರ್ಗವಾದ್ದರಿಂದ ಕಾಲಾಗುತ್ತದೆ. ಮೂಲದಲ್ಲೇ ಜಾಕೋಬಿಯನ್ ಸಿಂಗ್ಯುಲರ್, ಆದ್ದರಿಂದ ಮೇಘನಾ ಅವರ ಹಾಗೆ ಆರಂಭ ಬದಲಿಸಿ ತಪ್ಪಿಸಿಕೊಳ್ಳಲು ಆಗದು. ಇನ್ನೊಂದು ವಿಷಯ: F 10⁻¹²ಕ್ಕೆ ಇಳಿದಾಗಲೂ x, yಗಳಲ್ಲಿ 10⁻⁶ರಷ್ಟು ತಪ್ಪು ಉಳಿದಿರುತ್ತದೆ. ಅಂಕೆಗಳಲ್ಲಿ ಅರ್ಧ ಹೋಯಿತು ಎಂದೇ ಲೆಕ್ಕ.

ಕಿರಣ್
ಒಂದೇ ಚರದಲ್ಲಿ ಜೋಡಿ ಮೂಲ ಇದ್ದರೆ ಹೆಜ್ಜೆಯನ್ನು ದುಪ್ಪಟ್ಟು ಮಾಡುತ್ತೇವೆ, ಆಗ ವೇಗ ಮರಳಿ ಬರುತ್ತೆ. ಇಲ್ಲೂ `2*d` ಹಾಕಿದರೆ?

ಶ್ರೀಧರ
v ಒಂದೇ ಏಟಿಗೆ ಸೊನ್ನೆಯಾಗುತ್ತದೆ, ಅದು ನಿಜ. ಆದರೆ u ದಿಕ್ಕಿನಲ್ಲಿ ಮೂಲ ಸಾದಾ. ಅಲ್ಲಿ ದುಪ್ಪಟ್ಟು ಹೆಜ್ಜೆ ಎಂದರೆ u ಹೋಗಿ 4/u ಆಗುವುದು. 2.2ರಿಂದ ಹೊರಟರೆ 1.818, ಮತ್ತೆ 2.2, ಮತ್ತೆ 1.818, ಕೊನೆಯೇ ಇಲ್ಲ. ದುಪ್ಪಟ್ಟು ಮಾಡಬೇಕಾದ್ದು ಒಂದು ದಿಕ್ಕಿನಲ್ಲಿ ಮಾತ್ರ, ಎರಡು ಚರಗಳಲ್ಲಿ ಆ ದಿಕ್ಕು ಯಾವುದೆಂದು ಮೊದಲು ಕಂಡುಹಿಡಿಯಬೇಕು.

ಅನಿತಾ ಅವರೇ, ನಿಮ್ಮ ಸ್ಥಿರಾಂಕಗಳು ಅಳತೆಯಿಂದ ಬಂದವೇ, ಇಲ್ಲ ಸೂತ್ರದಿಂದ ಕರಾರುವಾಕ್ಕಾಗಿ ಬಂದವೇ?

ಅನಿತಾ
ಅಳತೆಯಿಂದ. ಮೂರು ಅಂಕೆ ನಂಬಬಹುದು.

ಶ್ರೀಧರ
ಹಾಗಿದ್ದರೆ ಮುಟ್ಟುತ್ತವೆ ಎಂಬ ಮಾತೇ ಗಟ್ಟಿಯಲ್ಲ. ಮೇಲಿನ ಲೆಕ್ಕದಲ್ಲಿ 2ರ ಬದಲು 1.99 ಇದ್ದರೆ v² = −0.01, ಉತ್ತರವೇ ಇಲ್ಲ. ಆಗ v ಸ್ವಲ್ಪ ಹೊತ್ತು ಅರ್ಧರ್ಧ ಇಳಿದು 0.1ರ ಸುತ್ತಮುತ್ತ ಬಂದ ಮೇಲೆ ಚಿಹ್ನೆ ಬದಲಿಸುತ್ತಾ ಎಲ್ಲೆಂದರಲ್ಲಿ ಕುಣಿಯುತ್ತದೆ. 2.01 ಇದ್ದರೆ ಹತ್ತಿರ ಹತ್ತಿರ ಎರಡು ಉತ್ತರ, x − y ಒಂದರಲ್ಲಿ 0.1, ಇನ್ನೊಂದರಲ್ಲಿ −0.1. ಸ್ಥಿರಾಂಕದಲ್ಲಿ 0.01 ಬದಲಾದರೆ ಉತ್ತರದಲ್ಲಿ 0.1 ವ್ಯತ್ಯಾಸ. ನಿಮ್ಮ ಮೂರು ಅಂಕೆಗಳ ಕೊನೆಯದನ್ನು ಮೇಲೆ ಕೆಳಗೆ ಮಾಡಿ ಓಡಿಸಿ ನೋಡಿ. ನನಗನಿಸುವುದು, ಸ್ಪರ್ಶ ಬೇಕೇ ಬೇಕು ಅಂತಿದ್ದರೆ ಆ ಸ್ಥಿರಾಂಕವನ್ನೂ ಅಜ್ಞಾತ ಮಾಡಿ, ಡಿಟರ್ಮಿನೆಂಟ್ = 0 ಎನ್ನುವುದನ್ನು ಮೂರನೇ ಸಮೀಕರಣವಾಗಿ ಸೇರಿಸುವುದು ಒಳ್ಳೆಯದು.

ಕಿರಣ್
ಅದನ್ನು ನಾನು ಒಪ್ಪಲಾರೆ. ಅಳತೆಯ ಸ್ಥಿರಾಂಕವನ್ನು ಅಜ್ಞಾತ ಮಾಡಿದರೆ ಅವರು ಕೇಳಿದ ಲೆಕ್ಕವೇ ಬೇರೆಯಾಯಿತು. F ಅತಿ ಕಡಿಮೆ ಇರುವ ಬಿಂದುವನ್ನೇ ಉತ್ತರ ಎಂದು ಇಟ್ಟುಕೊಳ್ಳಬಹುದಲ್ಲ?

ಶ್ರೀಧರ
ಇಟ್ಟುಕೊಳ್ಳಬಹುದು. ಆದರೆ ಅತಿ ಕಡಿಮೆ ಎನ್ನುವುದನ್ನು ಯಾವ ಅಳತೆಗೋಲಿನಲ್ಲಿ? ಮೊದಲ ಸಮೀಕರಣವನ್ನು 1000ದಿಂದ ಗುಣಿಸಿದರೆ ಆ ಬಿಂದುವೇ ಸರಿದುಹೋಗುತ್ತದೆ. ನಾನು ಮೇಲೆ ಕೊಟ್ಟ ಅರ್ಧ ಹೆಜ್ಜೆಯ ಪರೀಕ್ಷೆಗೂ ಇದೇ ತೊಂದರೆ ಇದೆ, 1/64 ಎನ್ನುವುದು ಸಮೀಕರಣಗಳನ್ನು ಬರೆದ ರೀತಿಯ ಮೇಲೆ ನಿಂತಿದೆ.

ಅನಿತಾ
ಕೊನೆಯ ಅಂಕೆ ಬದಲಿಸಿ ಎರಡೂ ಕಡೆ ಓಡಿಸಿದೆ. ಒಂದು ಕಡೆ ಆರೇ ಸುತ್ತಿಗೆ ಮುಗಿಯಿತು, ಇನ್ನೊಂದು ಕಡೆ ನೀವು ಹೇಳಿದ ಹಾಗೇ ಕುಣಿಯುತ್ತಿದೆ, 200 ಸುತ್ತಾದರೂ ನಿಂತಿಲ್ಲ. ನಾಳೆ ಮತ್ತೆ ಅಳೆಯುತ್ತೇನೆ.