ಬಾಕಿ ಕಾಗದಕ್ಕೆ ‘ಪ್ರೀತಿಯ ಹೆಗಡೆ ಸರ್’ ಅಂತ ಶುರು ಮಾಡಬಹುದಾ?

ಪ್ರಶ್ನೆ (ಸಾಗರ, ಅಡಿಕೆ ಮಂಡಿ ಆಫೀಸು): ನಮ್ ಮಂಡಿಗೆ ತುಂಬಾ ವರ್ಷದಿಂದ ಅಡಿಕೆ ಹಾಕ್ತಿರೋ ಹಿರಿಯರೊಬ್ರಿಗೆ ಮುಂಗಡದ ಬಾಕಿ ಬಗ್ಗೆ ಕಾಗದ ಬರೀಬೇಕಿತ್ತು, ಅವರಿಗೆ ಎಂಬತ್ತರ ಹತ್ರ. ‘ಪ್ರೀತಿಯ ಹೆಗಡೆ ಸರ್’ ಅಂತ ಶುರು ಮಾಡಿ ‘ಬಾಕಿ ಕೂಡಲೇ ಪಾವತಿಸತಕ್ಕದ್ದು, ಇಂತಿ ನಿಮ್ಮ ವಿಧೇಯ’ ಅಂತ ಮುಗಿಸಿದ್ದೆ. ಸಾಹುಕಾರ್ರು ನೋಡಿ ಹರಿದು ಹಾಕಿದ್ರು. ಎಲ್ಲಿ ತಪ್ಪಾಯ್ತು?

ನಿವೃತ್ತ ಮಂಡಿ ಗುಮಾಸ್ತರು, ಶಿವಮೊಗ್ಗ: ಹರಿದಿದ್ದು ಸರೀನೇ ಬಿಡಿ ತಮ್ಮಾ. ‘ಪ್ರೀತಿಯ’ ಅಂದ್ರೆ ಇಂಗ್ಲಿಷಿನ ಡಿಯರ್‌ನ ಹಾಗೇ ಎತ್ತಿ ತಂದಂಗೆ, ನಮ್ಮಲ್ಲಿ ಅದು ಓರಗೆಯವರಿಗೆ, ಕಿರಿಯರಿಗೆ, ಎಂಬತ್ತರ ಗಿರಾಕಿಗೆ ಬರೆದ್ರೆ ಹೆಗಲ ಮೇಲೆ ಕೈ ಹಾಕಿದಂಗೆ ಕಾಣತ್ತೆ. ‘ಮಾನ್ಯರೇ’ ಸಾಕು, ಗಂಡಸರಿಗೂ ಹೆಂಗಸರಿಗೂ ಅದೇ ನಡೀತದೆ. ವಿಳಾಸದಲ್ಲಿ ಮೇಲೆ ‘ಇವರಿಗೆ’ ಅಂತ ಹಾಕಿ ಕೆಳಗೆ ‘ಶ್ರೀ … ಹೆಗಡೆಯವರು’ ಅಂತ ಬರೀರಿ, ಶ್ರೀನೂ ಹಾಕಿ ಸರ್ರೂ ಹಾಕೋದು ಬೇಡ. ‘ಹೆಗಡೆರವರು’ ಅಂತ ಆಫೀಸುಗಳಲ್ಲಿ ಬರೀತಾರೆ, ಬಾಯಲ್ಲಿ ಯಾರಾದ್ರೂ ಹಾಗಂತಾರಾ?

ಆದ್ರೆ ಸಾಹುಕಾರ್ರಿಗೆ ಸಿಟ್ಟು ಬಂದಿದ್ದು ‘ಪಾವತಿಸತಕ್ಕದ್ದು’ ಇಂದಲೇ ಇರಬೇಕು. ಅದು ನೋಟಿಸಿನ ಭಾಷೆ. ಒಂದೇ ಹಾಳೇಲಿ ಮೇಲೆ ಹುಕುಂ, ಕೆಳಗೆ ‘ವಿಧೇಯ’, ಓದಿದವರು ಯಾವುದನ್ನ ನಂಬ್ಬೇಕು? ವಿಧೇಯ ಅನ್ನೋದು ಮೇಷ್ಟ್ರಿಗೆ ರಜಾ ಅರ್ಜಿ ಬರೆಯೋ ಹುಡುಗಂಗೆ ಸರಿ. ನಾನಾಗಿದ್ರೆ ಹೀಗೆ ಬರೀತಿದ್ದೆ:

‘ಮಾನ್ಯರೇ, ತಮ್ಮ ಖಾತೆಯ ಮುಂಗಡದ ಲೆಕ್ಕವನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ದಯವಿಟ್ಟು ಪರಿಶೀಲಿಸಿ, ಬಾಕಿ ಮೊತ್ತವನ್ನು ತಮಗೆ ಅನುಕೂಲವಾದಂತೆ ಈ ತಿಂಗಳೊಳಗೆ ಪಾವತಿಸಬೇಕಾಗಿ ವಿನಂತಿ. ವಂದನೆಗಳೊಂದಿಗೆ, ಇಂತಿ ತಮ್ಮ ವಿಶ್ವಾಸಿ.’

ಗಡುವು ಇದೆ, ಗದರಿಕೆ ಇಲ್ಲ. ಇನ್ನೊಂದು, ‘ತಮ್ಮ’ ಅಂತ ಹಿಡಿದ್ರೆ ಕೊನೇವರೆಗೂ ತಮ್ಮ, ನಡುವೆ ‘ನಿಮ್ಮ ಬಾಕಿ’ ಅಂತ ನುಸುಳಿದ್ರೆ ಮರ್ಯಾದೆ ಅರ್ಧ ದಾರೀಲಿ ಇಳಿದು ಹೋದಂಗೆ.

ತೀರ್ಥಹಳ್ಳಿಯ ಒಬ್ಬರು: ಅಷ್ಟು ಹಿರಿಯರಿಗೆ ‘ತೀರ್ಥರೂಪ ಸಮಾನರಾದ’ ಅಂತ್ಲೇ ಬರೀಬೇಕು, ನಮ್ಮಪ್ಪ ಹಾಗೇ ಬರೀತಿದ್ರು.

ಗುಮಾಸ್ತರು: ಮನೆ ಕಾಗದಕ್ಕೆ ಸರಿ ಮಾರಾಯ್ರೇ, ತೀರ್ಥರೂಪ ಅಂದ್ರೆ ಅಪ್ಪನ ಸ್ಥಾನ. ಲೆಟರ್‌ಹೆಡ್ಡಿನ ಮೇಲೆ ಅಪ್ಪ ಅಂತ ಕರೆದು ಕೆಳಗೆ ಬಾಕಿ ಕೇಳೋದು ಹೆಂಗೆ? ಸಾಹುಕಾರ್ರಿಗೆ ಅವರ ಮನೆ ಬಳಕೆ ಇದ್ರೆ ಸಹಿ ಕೆಳಗೆ ಪೆನ್ನಲ್ಲಿ ‘ತಮಗೆ ನಮಸ್ಕಾರಗಳು, ಆರೋಗ್ಯ ಜೋಪಾನ’ ಅಂತ ಒಂದು ಸಾಲು ಸೇರಿಸ್ಲಿ.

ಹೊಸನಗರದಿಂದ ಒಬ್ಬರು: ನಮ್ಮಮ್ಮಂಗೆ ಅಪ್ಪ ತೀರ್ಕೊಂಡ ಮೇಲೆ ಒಂದು ಸೊಸೈಟಿಯಿಂದ, ವಿಧವೆಯರಿಗೆ ಹಾಕ್ತಿದ್ದ ‘ಗಂ.ಭಾ.’ ಅಂತ ಹೆಸರಿಗೆ ಮೊದಲು ಹಾಕಿ ಕಾಗದ ಬಂತು, ಅಮ್ಮ ಅದನ್ನ ಮಡಚಿ ಇಟ್ಟೋರು ಎರಡು ದಿನ ಮಾತಾಡ್ಲಿಲ್ಲ.

ಗುಮಾಸ್ತರು: ಅದು ಬೇಡವೇ ಬೇಡಮ್ಮ, ‘ಶ್ರೀಮತಿ’ ಅಂತ್ಲೇ ಹಾಕ್ಬೇಕು.

ಕೇಳಿದವರು: ಹೆಗಡೆಯವರತ್ರ ಮಾತಾಡೋವಾಗ ನಾನು ‘ತಾವು’ ಅಂದ್ರೆ ‘ಏನೋ ಹುಡ್ಗ, ದೂರ ಮಾಡ್ತೀಯಲ್ಲ’ ಅಂತಾರೆ. ಕಾಗದದಲ್ಲಿ ‘ನೀವು’ ಅನ್ಲಾ?

ತೀರ್ಥಹಳ್ಳಿಯವರು: ಅನ್ನಿ, ‘ನೀವು’ ಅನ್ನೋದೂ ಮರ್ಯಾದೆನೇ.

ಗುಮಾಸ್ತರು: ನಾನಂತೂ ಅನ್ನಲ್ಲ, ಕಾಗದ ಅವರೊಬ್ರೇ ಓದಲ್ಲ, ಮಗನೂ ಓದ್ತಾನೆ.