ಆ ಜಾಗದಲ್ಲಿ ನೀರುಗುಳ್ಳೆ: ಹರ್ಪಿಸ್ ಹೌದೋ ಅಲ್ಲವೋ, ಯಾವ ಟೆಸ್ಟ್ ನಂಬಬೇಕು?

ಪ್ರಶ್ನೆ (ಹೆಸರು ಹಾಕದ ಸದಸ್ಯೆ, ಕುಂಬಳೆ ಹತ್ತಿರ)

ಡಾಕ್ಟ್ರೇ, ನನಗೆ 29 ವರ್ಷ. ನಮ್ಮವರು ಗಲ್ಫಿನಿಂದ ರಜೆಯಲ್ಲಿ ಬಂದು ಒಂಬತ್ತು ದಿನ ಆಯಿತು. ಮೂರು ದಿನದಿಂದ ಗುಪ್ತಾಂಗದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ, ಕೆಲವು ಒಡೆದು ಹುಣ್ಣಾಗಿವೆ. ಜ್ವರ ಇದೆ, ಮೂತ್ರ ಮಾಡುವಾಗ ಪ್ರಾಣ ಹೋಗುವಷ್ಟು ಉರಿ. ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಹರ್ಪಿಸ್ ಐಜಿಎಂ ಪಾಸಿಟಿವ್, ಐಜಿಜಿ ನೆಗೆಟಿವ್ ಅಂತ ಬಂದಿದೆ. ಅವರು ತಾನೇನೂ ತಪ್ಪು ಮಾಡಿಲ್ಲ ಅಂತ ಆಣೆ ಹಾಕುತ್ತಿದ್ದಾರೆ. ಈ ರಿಪೋರ್ಟ್ ನಂಬಬಹುದಾ?

ಉತ್ತರ (ಗ್ರೂಪಿನ ಚರ್ಮವೈದ್ಯೆ, ಮಂಗಳೂರು)

ಆ ರಿಪೋರ್ಟನ್ನು ಬದಿಗಿಡಿ. ಐಜಿಎಂ, ಐಜಿಜಿ ಎರಡೂ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು. ಅದರಲ್ಲಿ ಹರ್ಪಿಸ್ ಐಜಿಎಂ ತುಂಬ ದಾರಿ ತಪ್ಪಿಸುವ ಟೆಸ್ಟ್. ಇಲ್ಲದವರಿಗೂ ಪಾಸಿಟಿವ್ ತೋರಿಸುತ್ತದೆ. ಹಳೆಯ ಸೋಂಕು ಮತ್ತೆ ಕೆರಳಿದಾಗಲೂ ಪಾಸಿಟಿವ್ ಬರಬಹುದು. ಹಾಗಾಗಿ "ಐಜಿಎಂ ಇದ್ದರೆ ಹೊಸ ಸೋಂಕು" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಐಜಿಜಿ ನೆಗೆಟಿವ್ ಬಂದದ್ದಕ್ಕೂ ಈಗ ಅರ್ಥವಿಲ್ಲ. ಅದು ರಕ್ತದಲ್ಲಿ ಕಾಣಿಸಿಕೊಳ್ಳಲು ವಾರಗಳು ಬೇಕು, ಕೆಲವರಲ್ಲಿ ಮೂರು ತಿಂಗಳೂ ಹಿಡಿಯುತ್ತದೆ. ನಿಮಗೆ ಆಗಿರುವುದು ಮೂರೇ ದಿನ.

ನೀವು ಹೇಳಿದ ಲಕ್ಷಣಗಳು ಮಾತ್ರ ಮೊದಲ ಸಲದ ಹರ್ಪಿಸ್‌ಗೆ ಚೆನ್ನಾಗಿ ಹೊಂದುತ್ತವೆ. ಗುಂಪುಗುಂಪಾಗಿ ಗುಳ್ಳೆ, ಒಡೆದು ಆಳವಿಲ್ಲದ ಹುಣ್ಣು, ಜ್ವರ, ಉರಿ. ತೊಡೆಸಂದಿನಲ್ಲಿ ಒತ್ತಿದರೆ ನೋಯುವ ಗಂಟು ಇದೆಯಾ ನೋಡಿ.

ಉತ್ತರ ಇರುವುದು ರಕ್ತದಲ್ಲಲ್ಲ, ಗುಳ್ಳೆಯ ಒಳಗೆ. ಒಡೆಯದ ಒಂದು ಗುಳ್ಳೆಯನ್ನು ಸೂಜಿಯಿಂದ ಮೆಲ್ಲ ಬಿಡಿಸಿ, ಅದರ ತಳವನ್ನು ಸ್ವಾಬ್ ಕಡ್ಡಿಯಿಂದ ಉಜ್ಜುತ್ತಾರೆ. ಕೆಲವು ಸೆಕೆಂಡು ಚೆನ್ನಾಗಿಯೇ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ. ಅದನ್ನು ಪಿಸಿಆರ್‌ಗೆ ಕಳಿಸಿದರೆ ವೈರಸ್ ಇದೆಯಾ, ಇದ್ದರೆ ಒಂದನೇ ನಮೂನೆಯೋ ಎರಡನೆಯದೋ ಎಂದೂ ಗೊತ್ತಾಗುತ್ತದೆ. ಇದು ಸುಮ್ನೆ ಕುತೂಹಲದ ವಿಷಯ ಅಲ್ಲ. ಆ ಜಾಗದಲ್ಲಿ ಒಂದನೆಯದು ಬಂದರೆ ಮರುಕಳಿಸುವುದು ಕಡಿಮೆ, ಎರಡನೆಯದು ಜಾಸ್ತಿ. ಗುಳ್ಳೆ ಎದ್ದು ಎರಡು ಮೂರು ದಿನದೊಳಗೆ ಸ್ವಾಬ್ ತೆಗೆಯುವುದು ಒಳ್ಳೆಯದು. ಹಕ್ಕಳೆ ಕಟ್ಟಿದ ಮೇಲೆ ವೈರಸ್ ಸಿಗುವ ಸಾಧ್ಯತೆ ಇಳಿಯುತ್ತದೆ. ಅದಕ್ಕೇ ಇವತ್ತೇ ಹೊರಡಿ. ಹೊರಡುವ ಮೊದಲು ಲ್ಯಾಬಿಗೆ ಫೋನ್ ಮಾಡಿ "ಹುಣ್ಣಿನ ಸ್ವಾಬಿನಿಂದ ಹರ್ಪಿಸ್ ಪಿಸಿಆರ್ ಮಾಡ್ತೀರಾ" ಎಂದೇ ಕೇಳಿ. ಬರೀ "ಹರ್ಪಿಸ್ ಟೆಸ್ಟ್" ಅಂದರೆ ಮತ್ತೆ ರಕ್ತವನ್ನೇ ತೆಗೆಯುತ್ತಾರೆ!

ರಿಪೋರ್ಟಿಗಾಗಿ ಔಷಧಿ ತಡಮಾಡಬೇಡಿ. ನೋಡಿದ ವೈದ್ಯರಿಗೆ ಹರ್ಪಿಸ್ ಅನ್ನಿಸಿದರೆ ಅಂದೇ ಅಸೈಕ್ಲೋವಿರ್ ಶುರು ಮಾಡುತ್ತಾರೆ. ಸಾಮಾನ್ಯವಾಗಿ 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, 7ರಿಂದ 10 ದಿನ. ಕಿಡ್ನಿ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಮುಲಾಮಿನಿಂದ ದೊಡ್ಡ ಉಪಯೋಗವಿಲ್ಲ. ಮೂತ್ರ ಮಾಡುವಾಗ ಚೊಂಬಿನಿಂದ ಉಗುರುಬೆಚ್ಚಗಿನ ನೀರು ಹೊಯ್ಯುತ್ತಾ ಮಾಡಿ, ಉರಿ ತಗ್ಗುತ್ತದೆ. ಮೂತ್ರ ಕಟ್ಟಿಯೇ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಜೊತೆಗೆ ಸಿಫಿಲಿಸ್ ಮತ್ತು ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ. ಸಿಫಿಲಿಸ್ ಹುಣ್ಣು ಸಾಮಾನ್ಯವಾಗಿ ಒಂದೇ ಇರುತ್ತದೆ, ಗಟ್ಟಿ, ನೋವೂ ಇಲ್ಲ. ನಿಮ್ಮದು ಹಾಗೆ ಕಾಣುವುದಿಲ್ಲ. ಆದರೂ ಕಣ್ಣಂದಾಜಿಗೆ ಬಿಡುವ ರೋಗ ಅದಲ್ಲ.

ಇನ್ನು ನಿಮ್ಮವರ ಮಾತು. ಸೋಂಕು ತಗಲಿ ಗುಳ್ಳೆ ಏಳಲು ಹೆಚ್ಚಾಗಿ 2ರಿಂದ 12 ದಿನ. ಅವರಿಂದಲೇ ಬಂದಿರಬಹುದು. ಆದರೆ ಅವರಿಗೆ ಯಾವಾಗ ತಗಲಿತು ಎಂದು ಯಾವ ಟೆಸ್ಟೂ ಹೇಳುವುದಿಲ್ಲ. ತನ್ನಲ್ಲಿದೆ ಎಂದೇ ಗೊತ್ತಿಲ್ಲದೆ ವರ್ಷಗಟ್ಟಲೆ ಇರುವವರೇ ಜಾಸ್ತಿ. ಅವರಿಗೆ ತುಟಿಯಲ್ಲಿ ಆಗಾಗ ಜ್ವರದ ಗುಳ್ಳೆ ಏಳುತ್ತದಾ? ಬಾಯಿಯಿಂದಲೂ ಆ ಜಾಗಕ್ಕೆ ದಾಟುತ್ತದೆ.

ಪೆರ್ಲದ ಮಾವ: ಇದು ಸರ್ಪಸುತ್ತು ಮಗಳೇ. ಹರ್ಪಿಸ್ ಅಂದರೆ ಅದೇ ಅಲ್ವಾ? ಕೆಮ್ಮಣ್ಣು ಬರೆಸಿದರೆ ಮೂರು ದಿನದಲ್ಲಿ ಒಣಗುತ್ತದೆ.

ಚರ್ಮವೈದ್ಯೆ: ಅರ್ಧ ಸರಿ ಮಾವ. ಎರಡೂ ಒಂದೇ ಮನೆತನದ ವೈರಸ್, ಹೆಸರೂ ಅದೇ. ಸರ್ಪಸುತ್ತು ಆ ಜಾಗಕ್ಕೂ ಬರಬಹುದು. ಆದರೆ ಎಡಕ್ಕೋ ಬಲಕ್ಕೋ ಒಂದೇ ಬದಿಗೆ ಪಟ್ಟಿಯಂತೆ ಬರುತ್ತದೆ, ನಡುಗೆರೆ ದಾಟುವುದು ಅಪರೂಪ. ಕೆಮ್ಮಣ್ಣು ಮಾತ್ರ ಬೇಡ. ಹುಣ್ಣಿಗೆ ಬೇರೆ ಸೋಂಕು ಸೇರುತ್ತದೆ, ಸ್ವಾಬೂ ಹಾಳು.

ಮುಳ್ಳೇರಿಯಾದ ಗೇರು ಕೃಷಿಕ: ನನಗೂ ಹೋದ ಬೇಸಗೆ ಇದೇ ಆಗಿತ್ತು. ಬೀಜ ಸುಟ್ಟು ಒಡೆದಿದ್ದೆ, ಕೈ ಸರಿ ತೊಳೆಯದೆ ಮೂತ್ರಕ್ಕೆ ಹೋದೆ. ಮರುದಿನ ಬೊಕ್ಕೆ ಬೊಕ್ಕೆ. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಅಕ್ಕಾ, ನೀವೂ ಬೀಜ ಸುಟ್ಟಿದ್ದಿರಾ?

ಚರ್ಮವೈದ್ಯೆ: ಗೇರುಬೀಜದ ಸಿಪ್ಪೆಯ ಎಣ್ಣೆ ಹಾಗೆ ಸುಡುತ್ತದೆ, ನಿಜ. ನಿಮ್ಮ ಬೆರಳಲ್ಲೂ ಸಿಪ್ಪೆ ಎದ್ದಿರಬೇಕಲ್ವಾ? ಅದೇ ಗುರುತು. ಅದರಲ್ಲಿ ಜ್ವರ, ಗಂಟು ಇರುವುದಿಲ್ಲ. ನೀರಿಗೆ ಬೆರೆಸದೆ ಡೆಟ್ಟಾಲ್ ಹಚ್ಚಿಕೊಂಡು ಸುಟ್ಟುಕೊಂಡವರನ್ನೂ ನೋಡಿದ್ದೇನೆ.

ಉಪ್ಪಳದ ಮೆಡಿಕಲ್ ಶಾಪಿನವರು: ಮಾತ್ರೆ ಅಲರ್ಜಿ ಯಾಕಾಗಬಾರದು? ಭೇದಿಗೆ ಕೊಡುವ ಆಂಟಿಬಯೋಟಿಕ್, ನೋವಿನ ಮಾತ್ರೆ ತಿಂದವರಿಗೆ ಅಲ್ಲೇ ಬೊಕ್ಕೆ ಎದ್ದದ್ದು ನಮ್ಮ ಗಿರಾಕಿಗಳಲ್ಲೇ ಇದೆ. ಹರ್ಪಿಸ್ ಅಂತ ವರ್ಷವಿಡೀ ಔಷಧಿ ತಿಂದಿದ್ದರು.

ಚರ್ಮವೈದ್ಯೆ: ಒಳ್ಳೆಯ ಮಾತು. ಮಾತ್ರೆಯದ್ದಾದರೆ ತಿಂದು ಕೆಲವು ಗಂಟೆಗಳಿಂದ ಒಂದೆರಡು ದಿನದೊಳಗೆ ಏಳುತ್ತದೆ. ಪ್ರತಿ ಸಲ ಅದೇ ಚುಕ್ಕೆಯ ಮೇಲೆ ಬರುತ್ತದೆ, ವಾಸಿಯಾದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಸಮಸ್ಯೆ ಏನೆಂದರೆ ಹರ್ಪಿಸ್ ಕೂಡ ಹೆಚ್ಚುಕಡಿಮೆ ಅದೇ ಜಾಗಕ್ಕೆ ಮರಳುತ್ತದೆ. ತಂಗೀ, ಗುಳ್ಳೆ ಏಳುವ ಮೊದಲು ಏನಾದರೂ ಮಾತ್ರೆ ತಿಂದಿದ್ದಿರಾ?

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ): ತಲೆನೋವಿಗೆ ಒಂದು ಐಬುಪ್ರೊಫೆನ್ ತಿಂದಿದ್ದೆ, ಹಿಂದಿನ ದಿನ. ಮೊದಲೂ ತಿಂದಿದ್ದೇನೆ, ಏನೂ ಆಗಿಲ್ಲ. ಗಂಟು ಎರಡೂ ಬದಿ ಇತ್ತು. ಅಸೈಕ್ಲೋವಿರ್ ಮಾತ್ರೆ ಶುರು ಮಾಡಿ ನೋವು ಅರ್ಧ ಇಳಿದಿದೆ. ಆದರೆ ಸ್ವಾಬ್ ತೆಗೆಯುವ ಲ್ಯಾಬ್ ಸಿಗುವಾಗ ಎರಡು ದಿನ ಹೋಯಿತು, ಹೆಚ್ಚಿನವು ಒಣಗಿದ್ದವು. ಇವತ್ತು ಪಿಸಿಆರ್ ನೆಗೆಟಿವ್ ಬಂತು. ಅಂದರೆ ಹರ್ಪಿಸ್ ಅಲ್ಲ ಅಂತ ತಾನೇ? ಅವರನ್ನೂ ಟೆಸ್ಟ್ ಮಾಡಿಸಲಾ?

ಚರ್ಮವೈದ್ಯೆ: ಅಲ್ಲ ಎಂದು ಹೇಳಲಾರೆ. ಒಣಗಿದ ಹುಣ್ಣಿನ ನೆಗೆಟಿವ್‌ಗೆ ಅಷ್ಟು ತೂಕವಿಲ್ಲ. ಮಾತ್ರೆಯಿಂದ ನೋವು ಇಳಿದದ್ದೂ ಪುರಾವೆ ಅಲ್ಲ, ತಾನಾಗಿಯೂ ಇಳಿಯುತ್ತದೆ. ಎರಡೂ ಬದಿಯ ಗಂಟು, ಜ್ವರ ನೋಡಿ ನಾನು ಇನ್ನೂ ಹರ್ಪಿಸ್ ಕಡೆಗೇ ವಾಲುತ್ತೇನೆ. ಕೋರ್ಸ್ ಮುಗಿಸಿ. ಮೂರು ತಿಂಗಳಾದ ಮೇಲೆ ಒಂದನೇ, ಎರಡನೇ ನಮೂನೆಗೆ ಬೇರೆ ಬೇರೆ ಐಜಿಜಿ ಮಾಡಿಸಿ. ಈಗ ನೆಗೆಟಿವ್ ಇದ್ದದ್ದು ಆಗ ಸ್ಪಷ್ಟ ಪಾಸಿಟಿವ್ ಆದರೆ ಇದು ಹೊಸ ಸೋಂಕೇ ಆಗಿರುವ ಸಾಧ್ಯತೆ ಹೆಚ್ಚು. ಅಂಚಿನ ಅಂಕಿ ಬಂದರೆ ರಿಪೋರ್ಟ್ ನನಗೆ ತೋರಿಸಿ, ಕಡಿಮೆ ಅಂಕಿಯ ಪಾಸಿಟಿವ್ ಸುಳ್ಳಾಗುವುದೂ ಉಂಟು. ಅಲ್ಲಿಯವರೆಗೆ ಐಬುಪ್ರೊಫೆನ್ ಮುಟ್ಟಬೇಡಿ.

ಅವರ ರಕ್ತದಲ್ಲಿ ಒಂದನೇ ನಮೂನೆಯ ಐಜಿಜಿ ಪಾಸಿಟಿವ್ ಬಂದರೆ ಏನೂ ಸಾಬೀತಾಗುವುದಿಲ್ಲ, ಚಿಕ್ಕಂದಿನಲ್ಲೇ ಬಂದವರು ತುಂಬ ಇದ್ದಾರೆ. ಸಿಫಿಲಿಸ್, ಎಚ್‌ಐವಿ ಮಾತ್ರ ಇಬ್ಬರೂ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ "ಜ್ಯೋತಿಸ್" ಬೋರ್ಡ್ ಇರುವಲ್ಲಿ ಎಚ್‌ಐವಿ ಟೆಸ್ಟ್ ಉಚಿತ. ಎಲ್ಲಿ ಎಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ. ಹುಣ್ಣು ಪೂರ್ತಿ ಮಾಗುವವರೆಗೆ ದೂರ ಇರಿ. ಮತ್ತೆ ಗುಳ್ಳೆ ಎದ್ದರೆ ಮೊದಲ ದಿನವೇ ಮೊಬೈಲಲ್ಲಿ ಫೋಟೋ ತೆಗೆದಿಟ್ಟು, ಏನೂ ಹಚ್ಚದೆ ಸ್ವಾಬಿಗೆ ಬನ್ನಿ.

ಪ್ರಶ್ನೆ ಕೇಳಿದವರು: ಅವರ ರಜೆ ಇನ್ನು ಹದಿನೆಂಟು ದಿನ ಇರುವುದು ಡಾಕ್ಟ್ರೇ. ತುಟಿಯ ಗುಳ್ಳೆ ಬಗ್ಗೆ ಕೇಳಿದೆ. "ಶಾಲೆಗೆ ಹೋಗುವಾಗಿಂದ ಬರ್ತದೆ, ಯಾಕೆ?" ಅಂದರು.